ಪಟ್ಟಿಯಲ್ಲಿ ನನ್ನ ಹೆಸರು ಬೇಡವೆಂದು ಹೇಳಲು ಕಲಿತದ್ದು: ನನ್ನ ಅನುಭವ

ನಮ್ಮ ಕೊಪ್ಪಳ ಭಾಗದ ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಇರುವವರಿಗೆ ಪಟ್ಟಿ ಎಂದರೇನೆಂದು ವಿವರಿಸಬೇಕಾಗಿಲ್ಲ. ವಯೋನಿವೃತ್ತಿ, ವರ್ಗಾವಣೆ, ಬಡ್ತಿ, ಗೃಹಪ್ರವೇಶ, ಹೀಗೆ ಯಾವುದೋ ಒಂದು ಕಾರಣಕ್ಕೆ ಹಣ ಸೇರಿಸಲು ಒಬ್ಬರು ತಮ್ಮ ಹೆಸರನ್ನು ಮೊದಲು ಬರೆದು, ಮುಂದೆ ಮೊತ್ತ ಹಾಕಿ, ಕೆಳಗೆ ಖಾಲಿ ಸಂಖ್ಯೆಗಳನ್ನು ಬಿಟ್ಟು ಕಳಿಸುತ್ತಾರೆ. ಉಳಿದವರು ಅದನ್ನೇ ನಕಲು ಮಾಡಿ ತಮ್ಮ ಹೆಸರು ಸೇರಿಸುತ್ತಾ ಹೋಗುತ್ತಾರೆ. ಕೆಲವು ವರ್ಷಗಳ ಹಿಂದೆ ನಾನು ಫೋನ್‌ಪೇ ಲೆಕ್ಕ ತೆಗೆದು ನೋಡಿದಾಗ ಇಂಥ ಪಟ್ಟಿಗಳಿಗೇ ವರ್ಷಕ್ಕೆ 14 ಸಾವಿರದ ಆಸುಪಾಸು ಹೋಗಿತ್ತು, ಅದರಲ್ಲಿ ಅರ್ಧದಷ್ಟು ನಾನು ಮುಖ ಕಂಡರಿಯದವರ ಹೆಸರಿನಲ್ಲಿತ್ತು. ಕಳೆದ ವರ್ಷ ಅದು 5 ಸಾವಿರ ದಾಟಲಿಲ್ಲ, ಯಾರೊಂದಿಗೂ ಮಾತು ಬಿಟ್ಟಿಲ್ಲ. ‘ಮಂದಿ ಜುಗ್ಗ ಅಂತಾರ ನೋಡ್ರಿ’ ಎಂದು ಎಚ್ಚರಿಸಿದ್ದ ಸಹೋದ್ಯೋಗಿಗಳೇ ಈಗ ಇಲ್ಲವೆನ್ನುವ ನನ್ನ ಒಕ್ಕಣೆಯನ್ನು ಕೇಳಿ ಪಡೆಯುತ್ತಿರುವುದರಿಂದ ಬರೆದಿಡುತ್ತಿದ್ದೇನೆ.

ಮೊದಮೊದಲು ಮಾಡಿದ ಯಾವ ಉಪಾಯವೂ ಫಲಿಸಲಿಲ್ಲ. ಎಲ್ಲರೂ ಮಾಡುವಂತೆ ನಾನೂ ಕಾರಣ ಹೇಳುತ್ತಿದ್ದೆ. ತಿಂಗಳ ಕೊನೆ, ಕೈ ಬಿಗಿಯಾಗಿದೆ ಎಂದರೆ ಸಂಘಟಕರು ಬಹಳ ಪ್ರೀತಿಯಿಂದ, ‘ಇರ್ಲಿ ಬಿಡ್ರಿ ಸರ್, ನಿಮ್ಮದೂ ನಾನೇ ಹಾಕಿರ್ತೀನಿ, ಪಗಾರ ಆದ ಮ್ಯಾಲೆ ಕೊಡ್ರಿ’ ಎಂದುಬಿಡುತ್ತಿದ್ದರು. ಅಲ್ಲಿಗೆ ಕೊಡುವುದಿಲ್ಲ ಎಂದು ಹೊರಟವನು ಸಾಲಗಾರನಾಗಿ ನಿಲ್ಲುತ್ತಿದ್ದೆ. ಮಗಳ ಕಾಲೇಜು ಶುಲ್ಕ ಎಂದು ಹೇಳಿದ ಸಲ ಗುಂಪಿನಲ್ಲಿಯೇ ಒಬ್ಬರು ತಮ್ಮ ಇಬ್ಬರು ಮಕ್ಕಳ ಶುಲ್ಕದ ಲೆಕ್ಕ ಬರೆದರು. ಕಾರಣ ಎಷ್ಟೇ ನಿಜವಾಗಿದ್ದರೂ ಅದನ್ನು ಹೇಳಿದ ಕೂಡಲೇ ಎದುರಿನವರಿಗೆ ಪರಿಹಾರ ಸೂಚಿಸುವ ಅವಕಾಶ ಸಿಗುತ್ತದೆ, ನಮ್ಮ ಭಾಗದಲ್ಲಿ ಪರಿಹಾರ ಸೂಚಿಸದೆ ಸುಮ್ಮನಿರುವವರು ಕಡಿಮೆ.

ಸುಮ್ಮನಿರುವುದನ್ನೂ ಮಾಡಿ ನೋಡಿದೆ. ಎರಡು ದಿನ ಕಳೆದ ಮೇಲೆ, ‘ಉಳಿದವರು’ ಎಂಬ ತಲೆಬರಹದ ಕೆಳಗೆ ನನ್ನ ಹೆಸರು ಬಂತು. ಅರ್ಧ ಮೊತ್ತ ಕೊಡುವುದು ಇದಕ್ಕಿಂತ ಕೆಟ್ಟದ್ದು: ಎಲ್ಲರ ಮುಂದೆ 500 ಇರುವ ಸಾಲಿನಲ್ಲಿ ಒಂದೇ ಒಂದು 200 ಕಂಡರೆ, ಹೆಸರೇ ಇಲ್ಲದವನಿಗಿಂತ ಆ 200 ಕೊಟ್ಟವನನ್ನೇ ಜನ ನೆನಪಿಟ್ಟುಕೊಳ್ಳುತ್ತಾರೆ. ‘ನೋಡೋಣ’ ಎಂದರಂತೂ ಅದು ಒಪ್ಪಿಗೆಯೆಂದೇ ಲೆಕ್ಕ.

ಕೊನೆಗೆ ನಾನು ಸಂಘಟಕರ ಕಡೆಯಿಂದ ವಿಚಾರ ಮಾಡಿದೆ. ಅವರಿಗೆ ನನ್ನ 500 ರೂಪಾಯಿಯ ಚಿಂತೆ ಇರುವುದಿಲ್ಲ. ಎಷ್ಟು ಜನ, ಒಟ್ಟು ಎಷ್ಟು, ಚಿನ್ನದ ಉಡುಗೊರೆಯಾದರೆ ಪತ್ತಾರರಿಗೆ ಯಾವಾಗ ಹೇಳುವುದು ಎಂಬುದೇ ಅವರ ತಲೆನೋವು. ಆದ್ದರಿಂದ ಅವರಿಗೆ ಬೇಗನೆ ಸಿಗುವ ಸ್ಪಷ್ಟವಾದ ‘ಇಲ್ಲ’ ತಡವಾಗಿ ಬರುವ ‘ಹೂಂ’ಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಈ ಒಂದು ಸಂಗತಿ ಹೊಳೆದ ಮೇಲೆ ಉಳಿದದ್ದೆಲ್ಲ ಸುಲಭವಾಯಿತು.

ಒಂದು ಪ್ರಸಂಗವನ್ನೇ ಪೂರ್ತಿ ಹೇಳುತ್ತೇನೆ. ಗವಿಮಠದ ಜಾತ್ರೆ ಮುಗಿದ ಹೊಸತರಲ್ಲಿ, ಬೇರೆ ಶಾಲೆಯ ಮೇಡಂ ಒಬ್ಬರು ನಿವೃತ್ತರಾಗುವವರಿದ್ದರು. ಗುಂಪಿನಲ್ಲಿ ಸುಮಾರು ನಲವತ್ತು ಜನ ಇದ್ದೇವೆ. ತಲಾ ಸಾವಿರದಂತೆ ಸೇರಿಸಿ ಚಿನ್ನದ ಉಂಗುರ ಮಾಡಿಸುವುದೆಂದು ಹಿರಿಯ ಶಿಕ್ಷಕರೊಬ್ಬರು ಬೆಳಿಗ್ಗೆ ಪಟ್ಟಿ ಹಾಕಿದರು. ಎಂಟೊಂಬತ್ತು ಹೆಸರು ಬಂದಿರುವಾಗಲೇ ನಾನು ಗುಂಪಿನಲ್ಲಿ ಏನನ್ನೂ ಬರೆಯದೆ, ಅವರೊಬ್ಬರಿಗೇ ಪ್ರತ್ಯೇಕವಾಗಿ ಹೀಗೆ ಬರೆದೆ: ‘ನಮಸ್ಕಾರ ಸರ್. ಮೇಡಂ ಅವರ ಉಂಗುರದ ಪಟ್ಟಿಯಲ್ಲಿ ನನ್ನ ಹೆಸರು ಇರುವುದಿಲ್ಲ, ನನ್ನನ್ನು ಬಿಟ್ಟು ಲೆಕ್ಕ ಹಾಕಿಕೊಳ್ಳಿ. ಕಾರ್ಯಕ್ರಮದ ದಿನ ಬಂದು ಮೇಡಂ ಅವರನ್ನು ಭೇಟಿಯಾಗುತ್ತೇನೆ.’

ಇದರಲ್ಲಿ ‘ನನ್ನನ್ನು ಬಿಟ್ಟು ಲೆಕ್ಕ ಹಾಕಿಕೊಳ್ಳಿ’ ಎಂಬುದೇ ಕೆಲಸ ಮಾಡುವ ಮಾತು, ಏಕೆಂದರೆ ಅದು ಅವರ ಲೆಕ್ಕವನ್ನು ಅಲ್ಲಿಯೇ ಮುಗಿಸಿಕೊಡುತ್ತದೆ. ಕ್ಷಮಿಸಿ ಎಂದು ಬರೆದಿಲ್ಲ. ಬರೆದರೆ ತಪ್ಪು ಮಾಡಿದಂತಾಗುತ್ತದೆ, ಸಮಾಧಾನ ಹೇಳುವ ನೆಪದಲ್ಲಿ ಮಾತು ಬೆಳೆಯುತ್ತದೆ. ‘ಈ ಸಲ’ ಎಂದೂ ಬರೆದಿಲ್ಲ, ಏಕೆಂದರೆ ಮುಂದಿನ ಪಟ್ಟಿಯಲ್ಲಿ ಅದನ್ನು ತಪ್ಪದೆ ನೆನಪಿಸುತ್ತಾರೆ. ಕೊನೆಯ ವಾಕ್ಯವನ್ನು ಮಾತ್ರ ನಡೆಸಿಕೊಡಲೇಬೇಕು. ಹಣವನ್ನೂ ಕೊಡದೆ ಕಾರ್ಯಕ್ರಮಕ್ಕೂ ಹೋಗದಿದ್ದರೆ ಜುಗ್ಗ ಎನ್ನುವುದರಲ್ಲಿ ಜನರ ತಪ್ಪೇನೂ ಇಲ್ಲ.

ಹತ್ತು ನಿಮಿಷದಲ್ಲಿ ಅವರ ಫೋನ್ ಬಂತು: ‘ಯಾಕ್ರೀ ಸರ್, ಏನಾರ ಬ್ಯಾಸರ ಆಗೈತೇನ್ರೀ?’ ಎಲ್ಲರೂ ಸೋಲುವುದು ಈ ಎರಡನೆಯ ಸುತ್ತಿನಲ್ಲಿಯೇ, ಏಕೆಂದರೆ ಬೇಸರವಿಲ್ಲವೆಂದು ತೋರಿಸುವ ಅವಸರದಲ್ಲಿ ಕಾರಣ ಬಾಯಿಂದ ಜಾರುತ್ತದೆ. ನಾನು, ‘ಬ್ಯಾಸರ ಏನಿಲ್ರೀ ಸರ್, ಉಂಗುರದ ಪಟ್ಟಿಯೊಳಗ ನಾನಿಲ್ಲ ಅಷ್ಟ’ ಎಂದೆ. ಎಲ್ಲರೂ ಹಾಕುತ್ತಿದ್ದಾರಲ್ಲ ಎಂದರು. ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೊಮ್ಮೆ ಹೇಳಿ, ಕಾರ್ಯಕ್ರಮ ಯಾವ ಹೊತ್ತಿಗೆ ಎಂದು ಕೇಳಿದೆ. ಅವರು ಸಮಯ ಹೇಳುತ್ತಲೇ ಪಟ್ಟಿಯ ಮಾತು ಮುಗಿಯಿತು. ಮೂರನೆಯ ಸಲವೂ ಒತ್ತಾಯ ಬಂದರೆ ನಾನು ಹೇಳುವ ಮಾತೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಗುಂಪಿನವರೂ ಇದನ್ನು ಓದುತ್ತಾರೆ.

ಹೊತ್ತು ನೋಡಿ ಹೇಳುವುದು ಒಕ್ಕಣೆಯಷ್ಟೇ ಮುಖ್ಯ. ಪತ್ತಾರರಿಗೆ ಸಂಚಕಾರ ಕೊಟ್ಟ ಮೇಲೆ ಇಲ್ಲವೆಂದರೆ ನನ್ನ ಸಾವಿರ ಉಳಿದವರ ತಲೆಯ ಮೇಲೆ ಬೀಳುತ್ತದೆ. ಅಂಥ ಹೊತ್ತಿನಲ್ಲಿ ಯಾವ ನಯವಾದ ಮಾತೂ ನಡೆಯುವುದಿಲ್ಲ, ತಡವಾಗಿದ್ದರೆ ನಾನು ಕೊಟ್ಟುಬಿಡುತ್ತೇನೆ.

ಇಲ್ಲವೆನ್ನುವ ಮೊದಲು ಮನೆಯ ಮುಯ್ಯಿ ಪುಸ್ತಕವನ್ನು ತಿರುವಿ ಹಾಕುತ್ತೇನೆ. ನಮ್ಮ ಗೃಹಪ್ರವೇಶದಲ್ಲಿ ಅವರ ಹೆಸರಿನ ಮುಂದೆ 501 ಎಂದು ಬರೆದಿದ್ದರೆ ಅದು ತೀರಿಸಬೇಕಾದದ್ದು, ಅದನ್ನು ಪಟ್ಟಿಯಲ್ಲಿಯೇ ತೀರಿಸಿದರೂ ಆಗುತ್ತದೆ. ಆಸ್ಪತ್ರೆಯ ಖರ್ಚಿಗೆ, ಸಾವಿನ ಮನೆಗೆ ಎತ್ತುವ ಹಣಕ್ಕೆ ನಾನು ಈ ವಿಧಾನವನ್ನು ಬಳಸಿಲ್ಲ, ಬಳಸುವುದೂ ಇಲ್ಲ. ಗಣೇಶನ ಹಬ್ಬದಲ್ಲಿ ರಸೀದಿ ಪುಸ್ತಕ ಹಿಡಿದು ಮನೆ ಬಾಗಿಲಿಗೆ ಬರುವ ಓಣಿಯ ಹುಡುಗರ ಮುಂದೆಯೂ ಇದು ನಡೆಯುವುದಿಲ್ಲ. ಅಲ್ಲಿ ಪ್ರತ್ಯೇಕವಾಗಿ ಹೇಳುವ ಅವಕಾಶವೇ ಇರುವುದಿಲ್ಲ, ಹಿಂದಿನ ಮನೆಯವರು ಬರೆಸಿದ ಮೊತ್ತ ಕಣ್ಣೆದುರೇ ಇರುತ್ತದೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಹಣದ ಬದಲು ಕೆಲಸ ಮಾಡಿಕೊಡುತ್ತೇನೆಂದು ಒಂದು ಬೀಳ್ಕೊಡುಗೆಯಲ್ಲಿ ಹಾರ, ಶಾಲು, ಫಲಪುಷ್ಪ ತರುವ ಹೊಣೆ ಹೊತ್ತೆ. ತಂದದ್ದರ ಲೆಕ್ಕ ಕೇಳುವವರು ಸಿಗದೆ, ಪಟ್ಟಿಗೆ ಕೊಡಬೇಕಾಗಿದ್ದದ್ದಕ್ಕಿಂತ ಹೆಚ್ಚು, ಏಳೆಂಟು ನೂರು ಕೈಯಿಂದ ಹೋಯಿತು. ವರ್ಷಕ್ಕೆ ಇಷ್ಟೇ ಕೊಡುತ್ತೇನೆಂದು ಮೊದಲೇ ಸಾರಿದ್ದೂ ಉಂಟು. ಆಗ ಪ್ರತಿ ಸಂಘಟಕರೂ ಉಳಿದದ್ದೆಷ್ಟು ಎಂದು ಕೇಳತೊಡಗಿದ್ದರಿಂದ ಅದನ್ನೂ ಕೈಬಿಟ್ಟೆ.

ಉಂಗುರದ ಪಟ್ಟಿ ಕೊನೆಗೆ ಮೂವತ್ತರ ಮೇಲೆ ನಿಂತಿತು, ಉಂಗುರವೂ ಆಯಿತು. ನಾನು ಕಾರ್ಯಕ್ರಮದಲ್ಲಿ ಮೊದಲ ಸಾಲಿನಿಂದ ಎದ್ದು ಹೋಗಿ ಮೇಡಂ ಅವರೊಂದಿಗೆ ಮಾತನಾಡಿ ಬಂದೆ. ಅದೇ ಹಿರಿಯರು ಇತ್ತೀಚೆಗೆ ಮತ್ತೊಂದು ಪಟ್ಟಿ ಹಾಕುವ ಮುನ್ನ ನನಗೆ ಪ್ರತ್ಯೇಕವಾಗಿ, ‘ಇದರಾಗ ನೀವು ಇರ್ತೀರೋ, ಬಿಟ್ಟು ಲೆಕ್ಕ ಹಾಕ್ಲೋ?’ ಎಂದು ಕೇಳಿ ಕಳಿಸಿದ್ದರು. ಆ ಪಟ್ಟಿಗೆ ನಾನು 500 ಕೊಟ್ಟೆ.