ಕನ್ನಡಿ ಸರಿಸಿ, ಪಟ್ಟಿ ಎಣಿಸಿ: ಬೆಳಕಿನ ತರಂಗದೂರ ಅಳೆಯುವುದು ಹೇಗೆ?

ಹಾಸನದಲ್ಲಿ ನಮ್ಮ ಮನೆ ಬಿ.ಎಂ. ರಸ್ತೆಯಿಂದ ಒಂದು ಸಾಲು ಒಳಗಿದೆ. ಲಾರಿ ಹೋದರೆ ಅಡುಗೆಮನೆ ಸ್ಟ್ಯಾಂಡಿನ ಲೋಟಗಳು ಸಣ್ಣಗೆ ಗಲಗಲ ಅನ್ನುತ್ತವೆ. ಅಂಥ ಜಾಗದಲ್ಲಿ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ಚಿಕ್ಕ ದೂರ ಅಳೆಯಲು ಕೂತರೆ ನಗುವವರೇ ಜಾಸ್ತಿ. ಆದರೂ ಹೋದ ಚಳಿಗಾಲದಲ್ಲಿ ನಾನು ಮತ್ತು ಬಿ.ಎಸ್ಸಿ. ಓದುವ ಅಣ್ಣನ ಮಗಳು ಸೇರಿ ಅಂಗಡಿಯ ಒಂದು ಕೆಂಪು ಲೇಸರ್ ಪಾಯಿಂಟರಿನ ತರಂಗದೂರವನ್ನು ಮನೆಯ ಮೇಜಿನ ಮೇಲೇ ಅಳೆದೆವು. ನೀವೂ ಮಾಡಬಹುದು.

ಉಪಕರಣದ ಹೆಸರು ಮೈಕಲ್ಸನ್ ಇಂಟರ್‌ಫೆರೋಮೀಟರ್. ಒಂದು ಬೆಳಕನ್ನು ಎರಡು ಪಾಲು ಮಾಡಿ, ಎರಡನ್ನೂ ಬೇರೆ ಬೇರೆ ಕನ್ನಡಿಗೆ ಕಳಿಸಿ, ವಾಪಸ್ ಬಂದ ಮೇಲೆ ಮತ್ತೆ ಸೇರಿಸುತ್ತೇವೆ. ಬೆಳಕೂ ಅಲೆಯೇ, ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರವೇ ತರಂಗದೂರ. ಎರಡು ಅಲೆಗಳ ಉಬ್ಬುಗಳು ಒಟ್ಟಿಗೆ ಬಿದ್ದ ಕಡೆ ಬೆಳಕು, ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದ ಕಡೆ ಕತ್ತಲು. ಹೀಗೆ ಕಾಗದದ ಮೇಲೆ ಪಟ್ಟಿ ಪಟ್ಟಿಯಾಗಿ ಕಾಣುತ್ತದೆ. ಒಂದು ಕನ್ನಡಿಯನ್ನು ಸರಿಸಿದರೆ ಪಟ್ಟಿಗಳು ನಡೆಯುತ್ತವೆ. ಬೆಳಕು ಕನ್ನಡಿಗೆ ಹೋಗಿ ವಾಪಸ್ ಬರಬೇಕಲ್ಲ, ಅದಕ್ಕೇ ಕನ್ನಡಿ ಅರ್ಧ ತರಂಗದೂರ ಸರಿದರೆ ದಾರಿ ಪೂರಾ ಒಂದು ತರಂಗದೂರ ಬದಲಾಗುತ್ತದೆ. ಆಗ ಒಂದು ಪಟ್ಟಿ ಹೋಗಿ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ಅಂದರೆ:

```
ಕನ್ನಡಿ ಸರಿದ ದೂರ = ಎಣಿಸಿದ ಪಟ್ಟಿಗಳು × ತರಂಗದೂರ ÷ 2
```

ಕೆಂಪನ್ನು ಅಳೆಯಲು ನಾವು ಅಳತೆಗೋಲು ಮಾಡಿಕೊಂಡದ್ದು ಹಸಿರು ಲೇಸರ್, ಅದರ ತರಂಗದೂರ 532 ನ್ಯಾನೊಮೀಟರ್. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್. ಒಂದು ಪಟ್ಟಿ ದಾಟಿದರೆ ಕನ್ನಡಿ ಸರಿದದ್ದು 266 ನ್ಯಾನೊಮೀಟರ್. ತಲೆಕೂದಲಿನ ದಪ್ಪ ಸರಿಯಬೇಕಾದರೆ ಕೆಲವು ನೂರು ಪಟ್ಟಿಗಳು ದಾಟಬೇಕು.

ಮೊದಲು ಕಲ್ಲು, ಆಮೇಲೆ ಕನ್ನಡಿ

ಅಡಿಪಾಯಕ್ಕೆ ಅಡುಗೆ ಕಟ್ಟೆಯಿಂದ ಉಳಿದ ಗ್ರಾನೈಟ್ ತುಂಡು ಸಾಕು. ಎರಡಡಿ ಉದ್ದ, ಒಂದೂವರೆ ಅಡಿ ಅಗಲ ಇದ್ದರೆ ಒಳ್ಳೆಯದು. ಅದನ್ನು ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬಿನ ಮೇಲೆ ಇಡಿ. ಟ್ಯೂಬ್ ಗಟ್ಟಿಯಾಗಿದ್ದರೆ ನೆಲದ ನಡುಕ ಹಾಗೇ ಮೇಲೆ ಬರುತ್ತದೆ, ಪೂರಾ ಮೆತ್ತಗಿದ್ದರೆ ಕಲ್ಲು ಮೇಜಿಗೆ ತಾಗುತ್ತದೆ. ಕಲ್ಲನ್ನು ಬೆರಳಿನಿಂದ ತಟ್ಟಿದಾಗ ನಿಧಾನಕ್ಕೆ ತೂಗಿ ನಿಲ್ಲಬೇಕು.

ಕನ್ನಡಿ ವಿಷಯದಲ್ಲಿ ನಾವು ಎರಡು ವಾರ ಕಳೆದುಕೊಂಡೆವು. ಮನೆಯ ಕನ್ನಡಿಗೆ ಪಾದರಸದಂಥ ಲೇಪ ಇರುವುದು ಗಾಜಿನ ಹಿಂದೆ. ಗಾಜಿನ ಮುಂಭಾಗದಿಂದಲೂ ಸ್ವಲ್ಪ ಬೆಳಕು ತಿರುಗುತ್ತದೆ, ಹಾಗಾಗಿ ಒಂದು ಚುಕ್ಕೆ ಇರಬೇಕಾದ ಕಡೆ ಎರಡು ಮೂರು ಚುಕ್ಕೆ ಬರುತ್ತವೆ. ಯಾವುದನ್ನು ಯಾವುದರ ಮೇಲೆ ಕೂರಿಸುವುದು? ಕೊನೆಗೆ ಕೆಟ್ಟುಹೋದ ಹಾರ್ಡ್ ಡಿಸ್ಕ್ ಬಿಚ್ಚಿದೆವು. ಅದರೊಳಗಿನ ತಟ್ಟೆಯ ಹೊಳಪು ಮುಂಭಾಗದಲ್ಲೇ ಇರುತ್ತದೆ, ತುಂಬಾ ನುಣುಪು. ಬೆರಳು ಮಾತ್ರ ತಾಗಿಸಬೇಡಿ. ಬೆಳಕನ್ನು ಎರಡು ಪಾಲು ಮಾಡಲು ಬೀಮ್ ಸ್ಪ್ಲಿಟರ್ ಎಂಬ ಸಣ್ಣ ಗಾಜಿನ ಘನ ಆನ್‌ಲೈನಿನಲ್ಲಿ ಸಿಗುತ್ತದೆ. ಬೆಳಕನ್ನು ಅರ್ಧ-ಅರ್ಧ ಹಂಚುವ ಸಾದಾ ಬಗೆಯದನ್ನೇ ತರಿಸಿ. ಪೋಲರೈಸಿಂಗ್ ಎಂದು ಬರೆದಿರುವುದು ಬೇಡ, ಅದರಲ್ಲಿ ಪಟ್ಟಿ ಕಾಣದೆ ಒದ್ದಾಡುತ್ತೀರಿ.

ಸರಿಯುವ ಕನ್ನಡಿ

ಇಡೀ ಕೆಲಸದ ಜೀವ ಇಲ್ಲಿದೆ. ಕನ್ನಡಿಯನ್ನು ಒತ್ತಿ ಸರಿಸಲು ಸ್ಕ್ರೂ ಗೇಜ್ ಬಳಸುತ್ತೇವೆ, ಅದರ ಒಂದು ಗೆರೆ ಅಂದರೆ 0.01 ಮಿಲಿಮೀಟರ್. ಅಷ್ಟರಲ್ಲಿ ಹಸಿರಿನ ಮೂವತ್ತೇಳು ಪಟ್ಟಿ ಓಡಿಹೋಗುತ್ತವೆ. ಸ್ಕ್ರೂವನ್ನು ನೇರವಾಗಿ ಕನ್ನಡಿಗೆ ತಾಗಿಸಿದರೆ ಎಣಿಸುವುದು ಕನಸಿನ ಮಾತು. ಚಲನೆಯನ್ನು ಕುಗ್ಗಿಸಬೇಕು.

ಎರಡು ಹ್ಯಾಕ್ಸಾ ಬ್ಲೇಡುಗಳನ್ನು ಸಮಾನಾಂತರವಾಗಿ ನಿಲ್ಲಿಸಿ. ಕೆಳತುದಿಗಳನ್ನು ಕಲ್ಲಿಗೆ ಅಂಟಿಸಿದ ಕಬ್ಬಿಣದ ತುಂಡಿಗೆ ಬಿಗಿದು, ಮೇಲ್ತುದಿಗಳ ನಡುವೆ ಒಂದು ಲೋಹದ ತುಂಡು ಕೂರಿಸಿ. ಬ್ಲೇಡಿನ ಬಾಗುವ ಭಾಗ ಆರು ಸೆಂಟಿಮೀಟರ್ ಇರಲಿ. ಕನ್ನಡಿಯನ್ನು ಮೇಲಿನ ತುಂಡಿಗೆ ಅಂಟಿಸಿ. ಒಂದೇ ಬ್ಲೇಡ್ ಹಾಕಿದರೆ ಕನ್ನಡಿ ಸರಿಯುತ್ತಾ ಸರಿಯುತ್ತಾ ವಾಲುತ್ತದೆ, ಪಟ್ಟಿಗಳ ಅಗಲವೇ ಬದಲಾಗುತ್ತದೆ. ಎರಡಿದ್ದರೆ ಕನ್ನಡಿ ನೆಟ್ಟಗೇ ಸರಿಯುತ್ತದೆ.

ಈಗ ಸ್ಕ್ರೂ ಮತ್ತು ಆ ತುಂಡಿನ ನಡುವೆ ಬಾಲ್‌ಪೆನ್ನಿನೊಳಗಿನ ಸ್ಪ್ರಿಂಗ್ ಇಡಿ. ಸ್ಪ್ರಿಂಗ್ ಮೆತ್ತಗೆ, ಬ್ಲೇಡುಗಳು ಗಡಸು. ಸ್ಕ್ರೂ ಎಷ್ಟೇ ಒತ್ತಿದರೂ ಬಹುಪಾಲು ಸ್ಪ್ರಿಂಗೇ ಕುಗ್ಗಿಕೊಳ್ಳುತ್ತದೆ, ಕನ್ನಡಿಗೆ ಸಿಗುವುದು ಐವತ್ತರಲ್ಲೊಂದು ಪಾಲು. ಸ್ಪ್ರಿಂಗ್ ಬದಲು ರಬ್ಬರ್ ಹಾಕಬೇಡಿ. ರಬ್ಬರ್ ಒತ್ತಿದ ಮೇಲೂ ಸ್ವಲ್ಪ ಹೊತ್ತು ನಿಧಾನಕ್ಕೆ ಸರಿಯುತ್ತಲೇ ಇರುತ್ತದೆ.

ಐವತ್ತರಲ್ಲೊಂದು ಅನ್ನುವುದು ಅಂದಾಜು. ನಿಮ್ಮ ಪೆನ್ನಿನ ಸ್ಪ್ರಿಂಗ್ ಬೇರೆ ಇರಬಹುದು. ಪರವಾಗಿಲ್ಲ, ಆ ಸಂಖ್ಯೆ ನಮಗೆ ಬೇಕಾಗಿಯೇ ಇಲ್ಲ. ಹೇಗೆ ಅಂತ ಲೆಕ್ಕ ಮಾಡುವಾಗ ಹೇಳುತ್ತೇನೆ.

ಪಟ್ಟಿ ಹುಡುಕುವುದು

ಸ್ಪ್ಲಿಟರಿನಿಂದ ಎರಡೂ ಕನ್ನಡಿಗಳ ದೂರ ಸಮನಾಗಿರಲಿ, ನಾವು ಹನ್ನೆರಡು ಸೆಂಟಿಮೀಟರ್ ಇಟ್ಟಿದ್ದೆವು. ಒಂದು ಮಿಲಿಮೀಟರಿನ ಆಸುಪಾಸಿಗೆ ಹೊಂದಿಸಿ. ಅಗ್ಗದ ಪಾಯಿಂಟರಿನ ಬೆಳಕಿನ ಅಲೆಗಳು ಸ್ವಲ್ಪ ದೂರ ಮಾತ್ರ ತಾಳ ತಪ್ಪದೆ ಸಾಗುತ್ತವೆ. ಎರಡು ದಾರಿಗಳ ಉದ್ದ ತುಂಬಾ ಬೇರೆಯಾದರೆ ಚುಕ್ಕೆಗಳು ಒಂದರ ಮೇಲೊಂದು ಕೂತರೂ ಪಟ್ಟಿ ಮಾಸಲಾಗಿ ಮಾಯವಾಗುತ್ತದೆ.

ಸರಿಯದ ಕನ್ನಡಿಯನ್ನು ಮೂರು ಸಣ್ಣ ಸ್ಕ್ರೂಗಳ ಮೇಲೆ ಕೂರಿಸಿ, ತಿರುಗಿಸುತ್ತಾ ಕಾಗದದ ಮೇಲಿನ ಎರಡು ಚುಕ್ಕೆಗಳನ್ನು ಒಂದಾಗಿಸಿ. ಆಮೇಲೆ ಹೊರಬರುವ ಬೆಳಕಿನ ದಾರಿಗೆ ಒಂದು ಪುಟ್ಟ ಲೆನ್ಸ್ ಹಿಡಿದರೆ ಚುಕ್ಕೆ ಬೆಳಕಿನ ತಟ್ಟೆಯಾಗಿ ಹರಡುತ್ತದೆ, ಅದರೊಳಗೆ ಪಟ್ಟಿಗಳು ಕಾಣುತ್ತವೆ. ಕೂದಲಿನಷ್ಟು ಸಣ್ಣ ಪಟ್ಟಿಗಳಿದ್ದರೆ ಎರಡು ಕಿರಣಗಳ ನಡುವೆ ಇನ್ನೂ ಓರೆ ಇದೆ ಎಂದರ್ಥ. ಸರಿಮಾಡುತ್ತಾ ಹೋದಂತೆ ಅವು ಅಗಲವಾಗುತ್ತವೆ. ತಟ್ಟೆಯಲ್ಲಿ ನಾಲ್ಕೈದು ಪಟ್ಟಿ ಇರುವಾಗ ನಿಲ್ಲಿಸಿ, ಎಣಿಸಲು ಅದೇ ಚೆಂದ. ಲೇಸರಿನ ಬಾಯಿಗಾಗಲಿ ಕನ್ನಡಿಗಾಗಲಿ ಯಾವತ್ತೂ ಕಣ್ಣು ಇಟ್ಟು ನೋಡಬೇಡಿ, ಹಸಿರು ಪಾಯಿಂಟರಿನಿಂದ ಕಾಣದ ಅವಗೆಂಪು ಬೆಳಕೂ ಸೋರಬಹುದು. ಕಾಗದದ ಮೇಲೆ ಬಿದ್ದದ್ದನ್ನು ಮಾತ್ರ ನೋಡಿ.

ಪಟ್ಟಿ ಯಾಕೆ ಸುಮ್ಮನಿರುವುದಿಲ್ಲ?

ಸ್ಕ್ರೂ ಮುಟ್ಟುವ ಮೊದಲೇ ಪಟ್ಟಿಗಳು ಕುಣಿಯುತ್ತಿರುತ್ತವೆ. ಹೇಗೆ ಕುಣಿಯುತ್ತವೆ ಅನ್ನುವುದೇ ಕಾರಣ ಹೇಳುತ್ತದೆ. ಗಡಗಡ ನಡುಗಿ ಮತ್ತೆ ಅದೇ ಜಾಗಕ್ಕೆ ಬಂದರೆ ನೆಲದ ಅದುರು. ಪಟ್ಟಿಗಳು ಹೊಗೆಯಂತೆ ಬಳುಕಿದರೆ ಗಾಳಿ. ಫ್ಯಾನ್ ಆರಿಸಿ, ಒಂದು ರಟ್ಟಿನ ಪೆಟ್ಟಿಗೆ ಮುಚ್ಚಿ. ಒಂದೇ ದಿಕ್ಕಿಗೆ ನಿಧಾನವಾಗಿ ಜಾರುತ್ತಲೇ ಇದ್ದರೆ ಬಿಸಿ. ಹತ್ತು ಸೆಂಟಿಮೀಟರಿನ ಅಲ್ಯೂಮಿನಿಯಂ ತುಂಡು ಒಂದು ಡಿಗ್ರಿ ಬಿಸಿಯಾದರೆ 2.3 ಮೈಕ್ರೋಮೀಟರ್ ಹಿಗ್ಗುತ್ತದೆ. ಹಸಿರಿನ ಲೆಕ್ಕದಲ್ಲಿ ಎಂಟೂವರೆ ಪಟ್ಟಿಗಿಂತ ಹೆಚ್ಚು! ಮುಟ್ಟಿದ ಕೈಯ ಬಿಸಿಗೇ ಲೆಕ್ಕ ಹಾಳು.

ನಮ್ಮ ಪಾಲಿಗೆ ಬೆಳಗಿನ ಜಾವ ನಾಲ್ಕೂವರೆಯೇ ಒಳ್ಳೆಯ ಹೊತ್ತು. ಲಾರಿ ಕಡಿಮೆ, ಮನೆಯವರೂ ಮಲಗಿರುತ್ತಾರೆ. ಎಲ್ಲ ಹೊಂದಿಸಿ, ಪೆಟ್ಟಿಗೆ ಮುಚ್ಚಿ, ಅರ್ಧ ಗಂಟೆ ಹಾಗೇ ಬಿಡಿ. ಆಮೇಲೆ ಏನೂ ಮುಟ್ಟದೆ ಎರಡು ನಿಮಿಷ ಗಡಿಯಾರ ಹಿಡಿದು ನೋಡಿ. ಆ ಹೊತ್ತಿನಲ್ಲಿ ಅರ್ಧ ಪಟ್ಟಿಗಿಂತ ಜಾಸ್ತಿ ಜಾರಿದರೆ ಇನ್ನೂ ಕಾಯಿರಿ.

ಎಣಿಕೆ

ಕಾಗದದ ಮೇಲೆ ಪೆನ್ನಿನಿಂದ ಒಂದು ಚುಕ್ಕೆ ಇಡಿ. ಸ್ಕ್ರೂವನ್ನು 3.50 ಮಿಲಿಮೀಟರಿನಿಂದ ಮುಂದಕ್ಕೆ ತಿರುಗಿಸುತ್ತಾ 4.00ಕ್ಕೆ ತನ್ನಿ, ಅಲ್ಲಿಂದ ಎಣಿಕೆ ಶುರು. ಹೀಗೆ ಹಿಂದಿನಿಂದ ಬರುವುದು ಯಾಕೆಂದರೆ, ದಿಕ್ಕು ಬದಲಿಸಿದಾಗ ಸ್ಕ್ರೂ ತಿರುಗಿದರೂ ತುದಿ ಸ್ವಲ್ಪ ಹೊತ್ತು ಕದಲುವುದಿಲ್ಲ. ಆ ಸಡಿಲವನ್ನು ಮೊದಲೇ ಮುಗಿಸಿಕೊಳ್ಳಬೇಕು. 4.00ರಿಂದ 6.00ರವರೆಗೆ, ನಾಲ್ಕು ಸುತ್ತು, ಒಂದೇ ದಿಕ್ಕಿಗೆ.

ಮಗಳು ಮೊದಲ ದಿನ ಬಾಯಲ್ಲೇ ಎಣಿಸಿದಳು. ನೂರರ ಹತ್ತಿರ ಬಂದಾಗ ರಸ್ತೆಯಲ್ಲಿ ಲಾರಿ ಹೋಯಿತು, ಪಟ್ಟಿಗಳು ಹಿಂದೆ ಮುಂದೆ ಹಾರಿದವು.

"ಚಿಕ್ಕಪ್ಪ, ಎರಡು ಮುಂದೆ ಹೋಯ್ತೋ ಹಿಂದೆ ಹೋಯ್ತೋ ಗೊತ್ತಾಗ್ಲಿಲ್ಲ. ನೂರಾ ಎರಡು ಅಂತ ಇಟ್ಕೊಳ್ಳೋಣ್ವಾ?"

"ಇಟ್ಕೊಳ್ಳೋದಲ್ಲ ಪುಟ್ಟಿ, ಮತ್ತೆ ಮೂರೂವರೆಗೆ ಹೋಗು."

ಎಲ್ಲ ಪಟ್ಟಿಯೂ ನೋಡಲು ಒಂದೇ ಥರ. ನಡುವೆ ತಪ್ಪಿದರೆ ಯಾವುದು ಎಷ್ಟನೆಯದು ಎಂದು ಗುರುತಿಸಲು ದಾರಿಯೇ ಇಲ್ಲ. ಮರುದಿನದಿಂದ ಮೊಬೈಲಿನಲ್ಲಿ ವಿಡಿಯೊ ತೆಗೆದು, ನಿಧಾನಗತಿಯಲ್ಲಿ ಓಡಿಸಿ ಎಣಿಸಿದೆವು. ವಿಡಿಯೊದಲ್ಲಿ ಸೆಕೆಂಡಿಗೆ ಮೂವತ್ತು ಚಿತ್ರ ಇರುತ್ತದೆ, ಆದ್ದರಿಂದ ಸೆಕೆಂಡಿಗೆ ಎರಡು ಪಟ್ಟಿ ದಾಟುವಂತೆ ತಿರುಗಿಸಿದರೆ ಆರಾಮ.

ಹಸಿರು ಮುಗಿದ ಮೇಲೆ ಅದೇ ಹಿಡಿಕೆಗೆ ಕೆಂಪು ಪಾಯಿಂಟರ್ ಸಿಕ್ಕಿಸಿ, ಮತ್ತೆ 4.00ರಿಂದ 6.00. ಕನ್ನಡಿ ಸರಿದ ದೂರ ಎರಡಕ್ಕೂ ಒಂದೇ. ಅದಕ್ಕೇ ಸ್ಪ್ರಿಂಗ್ ಐವತ್ತರಲ್ಲೊಂದು ಮಾಡಿತೋ ನಲವತ್ತರಲ್ಲೊಂದು ಮಾಡಿತೋ ಬೇಕಿಲ್ಲ ಎಂದದ್ದು. ಎರಡು ಎಣಿಕೆಗಳನ್ನು ಹೋಲಿಸಿದರೆ ಸಾಕು. ಹಸಿರನ್ನೇ ಅಳತೆಗೋಲು ಮಾಡಲು ಕಾರಣವಿದೆ. ಸಾಮಾನ್ಯ ಹಸಿರು ಪಾಯಿಂಟರಿನೊಳಗಿನ ಹರಳು 1064 ನ್ಯಾನೊಮೀಟರಿನ ಬೆಳಕು ಕೊಡುತ್ತದೆ, ಇನ್ನೊಂದು ಹರಳು ಅದನ್ನು ಅರ್ಧ ಮಾಡುತ್ತದೆ. ಹರಳಿನ ಗುಣ ಹೆಚ್ಚು ಕದಲುವುದಿಲ್ಲ, 532 ಎಂದರೆ 532. ಕೆಂಪು ಪಾಯಿಂಟರಿನ ಡಯೋಡ್ ಹಾಗಲ್ಲ, ಒಂದೊಂದೂ ಒಂದೊಂದು ಥರ.

ಐದೈದು ಸಲ ಎಣಿಸಿದಾಗ ನಮಗೆ ಸಿಕ್ಕಿದ್ದು:

```
ಹಸಿರು: 150.5   150.25  150.5   150.25  150.5   ಸರಾಸರಿ 150.4
ಕೆಂಪು: 122.75  123     122.75  122.5   123     ಸರಾಸರಿ 122.8

ಕನ್ನಡಿ ಸರಿದದ್ದು: 150.4 × 532 ÷ 2 = 40,006 ನ್ಯಾನೊಮೀಟರ್
ಕೆಂಪಿನ ತರಂಗದೂರ: 532 × 150.4 ÷ 122.8 = 651.6 ನ್ಯಾನೊಮೀಟರ್
```

ಪಾಯಿಂಟರಿನ ಚೀಟಿಯ ಮೇಲೆ 650 ಎಂದಿತ್ತು. ನಮ್ಮ 651.6ರಲ್ಲಿ ಕೊನೆಯ ಅಂಕಿಯನ್ನು ನಂಬಬೇಡಿ. ಒಂದೊಂದು ಎಣಿಕೆಯಲ್ಲೂ ಕಾಲು ಪಟ್ಟಿಯ ಅನುಮಾನ ಇದ್ದೇ ಇದೆ. ಅದನ್ನು ಸೇರಿಸಿದರೆ ಉತ್ತರ ಎರಡು ಮೂರು ನ್ಯಾನೊಮೀಟರ್ ಆಚೀಚೆ ಆಗಬಹುದು. 652 ಎಂದು ಬರೆದುಕೊಂಡೆವು.

ಅನುಮಾನ ಕಡಿಮೆ ಮಾಡಬೇಕಾದರೆ ಎಣಿಕೆ ಹೆಚ್ಚಬೇಕು. ಕಾಲು ಪಟ್ಟಿಯ ತಪ್ಪು 120ರಲ್ಲಿ ದೊಡ್ಡದು, 1,200ರಲ್ಲಿ ಅದರ ಹತ್ತರಲ್ಲೊಂದು ಪಾಲು. 1892-93ರಲ್ಲಿ ಪ್ಯಾರಿಸ್ ಹತ್ತಿರದ ಸೆವ್ರ್‌ನಲ್ಲಿ ಮೈಕಲ್ಸನ್ ಒಂದು ಮೀಟರನ್ನು ಕ್ಯಾಡ್ಮಿಯಂ ದೀಪದ ಕೆಂಪು ಬೆಳಕಿನಲ್ಲಿ ಅಳೆದಾಗ 15,53,163.5 ತರಂಗದೂರ ಬಂದಿತ್ತು. ಅಷ್ಟನ್ನೂ ಒಂದೊಂದಾಗಿ ಎಣಿಸಲಿಲ್ಲ. ಒಂದರ ಎರಡರಷ್ಟು ಇನ್ನೊಂದು ಇರುವ ಒಂಬತ್ತು ಅಳತೆಗೋಲು ಮಾಡಿ, ಅತಿ ಚಿಕ್ಕದರಲ್ಲಿ ಮಾತ್ರ ಪಟ್ಟಿ ಎಣಿಸಿ, ಮೇಲಿನವನ್ನು ಕೆಳಗಿನದಕ್ಕೆ ಹೋಲಿಸುತ್ತಾ ಹೋದರು.

ನಮ್ಮ ಪೆನ್ ಸ್ಪ್ರಿಂಗಿಗೆ 1,200 ಪಟ್ಟಿಯಷ್ಟು ಕುಗ್ಗುವ ಜಾಗ ಇಲ್ಲ. ಸೆಕೆಂಡಿಗೆ ಎರಡರಂತೆ ತಿರುಗಿಸಿದರೂ ಹತ್ತು ನಿಮಿಷ ಬೇಕು, ಬಿ.ಎಂ. ರಸ್ತೆ ಅಷ್ಟು ಹೊತ್ತು ಖಾಲಿ ಇದ್ದದ್ದನ್ನು ನಾನಂತೂ ನೋಡಿಲ್ಲ.