ಮೆಶ್ ಇಳಿಸಿ, ಸೀಮ್ ಹರಿಯಬೇಡಿ

ಡಬ್ಬಿಯೊಂದರ 3ಡಿ ಮಾದರಿ ಇದೆ ಅಂದುಕೊಳ್ಳಿ, ತ್ರಿಕೋನಗಳಿಂದ ಹೆಣೆದ ಮೆಶ್. ಸುತ್ತ 64 ಪಟ್ಟಿ, ಎತ್ತರಕ್ಕೆ 40 ಸಾಲು. ಬದಿಯಲ್ಲೇ 5120 ತ್ರಿಕೋನ, ಎರಡು ಮುಚ್ಚಳಕ್ಕೆ 128, ಒಟ್ಟು 5248. ಬದಿಗೆ ಲೇಬಲ್ ಚಿತ್ರ ಸುತ್ತಿದೆ, ಅದರ ಎರಡು ತುದಿ ಸೇರುವಲ್ಲಿ ಮೇಲಿಂದ ಕೆಳಗೆ ನೆಟ್ಟಗೆ ಒಂದು ಯುವಿ ಸೀಮ್. ಯುವಿ ಅಂದರೆ ಮಾದರಿಯ ಬಿಂದು ಚಿತ್ರದಲ್ಲಿ ಎಲ್ಲಿ ಬೀಳುತ್ತದೆ ಅಂತ ಹೇಳುವ u, v ಅಂಕಿಗಳು. ಇದನ್ನು ಆಕಾರ ಒಂಚೂರೂ ಕೆಡದಂತೆ 252 ತ್ರಿಕೋನಕ್ಕೆ ಇಳಿಸಬಹುದು. ಆದರೆ ತ್ರಿಕೋನ ಇಳಿಸುವ ಸ್ಲೈಡರನ್ನು ಸುಮ್ನೆ ಎಳೆದರೆ ಲೇಬಲ್ ಚಿಂದಿಯಾಗುತ್ತದೆ.

ಇಲ್ಲಿ ಬಳಸುವುದು ಗಾರ್ಲೆಂಡ್ ಮತ್ತು ಹೆಕ್‌ಬರ್ಟ್ 1997ರಲ್ಲಿ ಪ್ರಕಟಿಸಿದ ವಿಧಾನ. ಪ್ರತಿ ವರ್ಟೆಕ್ಸ್, ಅಂದರೆ ತ್ರಿಕೋನಗಳ ಮೂಲೆಯ ಬಿಂದು, ತನ್ನ ಸುತ್ತಲಿನ ತ್ರಿಕೋನಗಳ ಸಮತಲಗಳನ್ನು ಒಂದು 4×4 ಮ್ಯಾಟ್ರಿಕ್ಸ್‌ನಲ್ಲಿ ನೆನಪಿಟ್ಟುಕೊಳ್ಳುತ್ತದೆ, ಅದೇ ಕ್ವಾಡ್ರಿಕ್. ಒಂದು ಎಡ್ಜ್‌ನ ಎರಡು ತುದಿಯನ್ನು ಸೇರಿಸಿ ಒಂದೇ ಬಿಂದು ಮಾಡಿ ಕುಸಿಸಿದರೆ, ಆ ಬಿಂದು ಹಳೆಯ ಸಮತಲಗಳಿಂದ ಎಷ್ಟು ದೂರ ಹೋಯಿತು ಅನ್ನುವುದರ ವರ್ಗಗಳ ಮೊತ್ತವೇ ಆ ಎಡ್ಜ್‌ನ ಬೆಲೆ:

```
cost(v) = vᵀ (Q1 + Q2) v
```

Q1, Q2 ಎರಡು ತುದಿಗಳ ಕ್ವಾಡ್ರಿಕ್, v ಕೊನೆಗೆ 1 ಸೇರಿಸಿದ ಹೊಸ ಬಿಂದು. ಕಡಿಮೆ ಬೆಲೆಯ ಎಡ್ಜ್ ಮೊದಲು ಹೋಗುತ್ತದೆ. ನಮ್ಮ ಡಬ್ಬಿಯಲ್ಲಿ ಬದಿಯ ಮೇಲೆ-ಕೆಳಗಿನ ಎಡ್ಜ್‌ಗಳ ಬೆಲೆ ಸೊನ್ನೆ, ಯಾಕಂದ್ರೆ ಅವು ಕುಸಿದರೂ ಬಿಂದು ಅದೇ ಸಮತಲಗಳಲ್ಲೇ ಇರುತ್ತದೆ. ಹಾಗಾಗಿ 40 ಸಾಲು ಒಂದೇ ಸಾಲಾಗುತ್ತದೆ. ಬದಿಗೆ 128, ನಡುವಿನ ಬಿಂದು ಹೋಗಿ ಮುಚ್ಚಳಕ್ಕೆ 62ರಂತೆ 124, ಒಟ್ಟು 252.

ತೊಂದರೆ ಏನಂದ್ರೆ ಈ ಲೆಕ್ಕಕ್ಕೆ ಯುವಿ ಕಾಣುವುದೇ ಇಲ್ಲ.

ಮೊದಲ ಹೆಜ್ಜೆ, ಬೆಸುಗೆ. ಫೈಲಿನಲ್ಲಿ ಸೀಮ್ ಮೇಲಿನ ಬಿಂದು ಎರಡು ಸಲ ಇರುತ್ತದೆ, ಒಂದಕ್ಕೆ u=0, ಇನ್ನೊಂದಕ್ಕೆ u=1. ಹಾಗೇ ಬಿಟ್ಟರೆ ಪ್ರೋಗ್ರಾಂ ಅದನ್ನು ತೆರೆದ ಅಂಚು ಅಂದುಕೊಂಡು ಎರಡೂ ಬದಿಯನ್ನು ಬೇರೆ ಬೇರೆಯಾಗಿ ಕುಸಿಸುತ್ತದೆ, ಡಬ್ಬಿ ಬಿರುಕು ಬಿಡುತ್ತದೆ. ಸ್ಥಾನ ಒಂದೇ ಆಗಿರುವ ಬಿಂದುಗಳನ್ನು ಒಂದು ಮಾಡಿ, ಯುವಿಯನ್ನು ಮಾತ್ರ ತ್ರಿಕೋನದ ಮೂಲೆಗಳಲ್ಲಿ ಇಟ್ಟುಕೊಳ್ಳಿ. ಎಡ್ಜ್‌ನ ಎರಡು ಬದಿಯಲ್ಲಿ ಯುವಿ ಬೇರೆ ಇದ್ದರೆ ಅದು ಸೀಮ್ ಅಂತ ಗುರುತು ಹಾಕಿ.

ಆಮೇಲೆ ಪ್ರತಿ ಸೀಮ್ ಎಡ್ಜ್‌ಗೆ ಒಂದು ಕಾಲ್ಪನಿಕ ಗೋಡೆ ನಿಲ್ಲಿಸಿ. ಎಡ್ಜ್ ಮೂಲಕ ಹಾದು, ಪಕ್ಕದ ತ್ರಿಕೋನಕ್ಕೆ ಲಂಬವಾಗಿರುವ ಸಮತಲ ಅದು. ಎರಡೂ ಬದಿಯ ತ್ರಿಕೋನಕ್ಕೆ ಇದನ್ನು ಮಾಡಿ:

```python
e = b - a
n = np.cross(e, fn)      # fn: ತ್ರಿಕೋನಕ್ಕೆ ಲಂಬವಾದ ದಿಕ್ಕು, ನಾರ್ಮಲ್
n /= np.linalg.norm(n)
p = np.append(n, -n @ a)
K = 100 * (e @ e) * np.outer(p, p)
Q[ia] += K
Q[ib] += K
```

ಆ 100 ಶುರು ಮಾಡಲು ಒಂದು ಅಂಕಿ ಅಷ್ಟೇ. ಜಾಸ್ತಿ ಏರಿಸಿದರೆ ಅಂಕುಡೊಂಕು ಸೀಮ್‌ಗಳ ಸುತ್ತ ತ್ರಿಕೋನ ದಟ್ಟವಾಗಿ ಉಳಿದು, ಉಳಿದ ಮೈಯೆಲ್ಲ ಬೋಳಾಗುತ್ತದೆ.

ಗೋಡೆಯೊಂದೇ ಸಾಲದು, ಒಂದು ಕಟ್ಟುನಿಟ್ಟಿನ ನಿಯಮವೂ ಬೇಕು. ಸೀಮ್ ಮೇಲಿನ ಬಿಂದು ಸೀಮ್ ಉದ್ದಕ್ಕೆ ಮಾತ್ರ ಕುಸಿಯಬೇಕು, ಆಗ ಎರಡೂ ಬದಿಯ ಯುವಿ ಜೊತೆಯಾಗಿ ಬದಲಾಗಬೇಕು. ಇದನ್ನು ಮರೆತರೆ ಒಂದೇ ತ್ರಿಕೋನದಲ್ಲಿ u 0.98ರಿಂದ 0ಗೆ ಓಡಿ, ಇಡೀ ಲೇಬಲ್ ಆ ಸಣ್ಣ ಜಾಗದಲ್ಲಿ ತಿರುಗುಮುರುಗಾಗಿ ಹಿಂಡಿಕೊಳ್ಳುತ್ತದೆ. ಸೀಮ್ ಹೋಗಿ ಮುಚ್ಚಳದ ಅಂಚಿಗೆ ಸೇರುವ ಎರಡು ಬಿಂದುಗಳನ್ನು ಬೀಗ ಹಾಕಿಬಿಡಿ, ಅಲ್ಲಿ ಬದಿಯ ಎರಡು ತುದಿ ಮತ್ತು ಮುಚ್ಚಳ ಮೂರೂ ಕೂಡುತ್ತವೆ. ಪ್ರತಿ ಕುಸಿತಕ್ಕೂ ಮುಂಚೆ ತ್ರಿಕೋನ ಮಗುಚುತ್ತದಾ ನೋಡಿ. 3ಡಿಯಲ್ಲಿ ನಾರ್ಮಲ್‌ನಿಂದ, ಯುವಿಯಲ್ಲಿ ವಿಸ್ತೀರ್ಣದ ಚಿಹ್ನೆ ಬದಲಾಯಿತಾ ಅನ್ನುವುದರಿಂದ.

ಈಗ ಹೊರ ಅಂಚಿನ ವಿಷಯ. 252 ಆದ ಮೇಲೂ ಇಳಿಸಿದರೆ ಹೋಗುವುದು ಮುಚ್ಚಳದ ದುಂಡು. ಸುತ್ತ n ಬಾಹು ಉಳಿದರೆ ಒಟ್ಟು 4n−4 ತ್ರಿಕೋನ, ನಿಜವಾದ ವೃತ್ತದಿಂದ ಅಂಚು ಒಳಗೆ ಸರಿಯುವುದು ಹೆಚ್ಚೆಂದರೆ r(1−cos(π/n)). ಡಬ್ಬಿಯ ತ್ರಿಜ್ಯ ತೆರೆಯ ಮೇಲೆ 200 ಪಿಕ್ಸೆಲ್ ಇದ್ದರೆ 64 ಬಾಹುಗೆ ಕಾಲು ಪಿಕ್ಸೆಲ್, 32ಕ್ಕೆ ಸುಮಾರು 1 ಪಿಕ್ಸೆಲ್, 16ಕ್ಕೆ ಸುಮಾರು 4. ಅಂದರೆ 32ರಲ್ಲಿ, 124 ತ್ರಿಕೋನಕ್ಕೆ ನಿಲ್ಲಿಸಿದರೆ ಕಣ್ಣಿಗೆ ಗೊತ್ತಾಗುವುದು ಕಷ್ಟ, 16ರಲ್ಲಿ ಡಬ್ಬಿ ನಟ್ಟಿನ ಹಾಗೆ ಕಾಣುತ್ತದೆ. ಅದಕ್ಕೇ ನನ್ನ ಮಾತು ಕೇಳಿದರೆ, ಶೇಕಡಾ ಇಷ್ಟು ಇಳಿಸು ಅಂತ ಹೇಳಬೇಡಿ, ಇಷ್ಟು ದೋಷ ದಾಟಿದರೆ ನಿಲ್ಲು ಅಂತ ಹೇಳಿ.

ಚೂಪು ಅಂಚುಗಳಿಗೆ ಕ್ವಾಡ್ರಿಕ್ ತಾನಾಗಿಯೇ ಒಂದಿಷ್ಟು ಕಾವಲು ಕೊಡುತ್ತದೆ, ಆದರೆ ಸಪೂರ ಕಡ್ಡಿ, ಕೊಕ್ಕೆಗಳಿಗೆ ಅದು ಸಾಲದು. ವಿಸ್ತೀರ್ಣದ ತೂಕ ಹಾಕಿದರೆ ಅವುಗಳ ತ್ರಿಕೋನ ಪುಟ್ಟದಾದ್ದರಿಂದ ಬೆಲೆಯೂ ಪುಟ್ಟದು, ಮೊದಲು ಮಾಯವಾಗುವುದೂ ಅವೇ. ಎರಡು ಮುಖಗಳ ನಾರ್ಮಲ್ ನಡುವಿನ ಕೋನ 40 ಡಿಗ್ರಿ ದಾಟುವ ಎಡ್ಜ್‌ಗಳಿಗೂ ಅದೇ ಗೋಡೆ ಹಾಕಿ, 100ರ ಬದಲು ತೂಕ 5–10 ಇರಲಿ.

ಪರೀಕ್ಷೆಗೆ ಚೌಕಳಿ ಟೆಕ್ಸ್ಚರ್ ಹಚ್ಚಿ ಸೀಮ್ ಹತ್ತಿರ ನೋಡಿ. ಆಮೇಲೆ ಹಳೆಯದು, ಹೊಸದು ಎರಡನ್ನೂ ಬಿಳಿ ಹಿನ್ನೆಲೆಯಲ್ಲಿ ಪೂರ್ತಿ ಕಪ್ಪಾಗಿ ಹಲವು ಕೋನದಿಂದ ರೆಂಡರ್ ಮಾಡಿ ಒಂದರಿಂದ ಇನ್ನೊಂದನ್ನು ಕಳೆಯಿರಿ. ಉಳಿದ ಪಿಕ್ಸೆಲ್‌ಗಳೇ ಹಾಳಾದ ಅಂಚು.

ಇಷ್ಟಾದರೂ ಒಂದು ಕಡೆ ಇದು ಕೈಕೊಡುತ್ತದೆ. ಡಬ್ಬಿಯ ಸೀಮ್ 3ಡಿಯಲ್ಲೂ ನೇರ, ಯುವಿಯಲ್ಲೂ ನೇರ. ಮುಖ, ಬಟ್ಟೆಯಂಥ ಮಾದರಿಗಳಲ್ಲಿ 3ಡಿಯಲ್ಲಿ ನೇರ ಇದ್ದದ್ದು ಯುವಿಯಲ್ಲಿ ಬಾಗಿರಬಹುದು. ಗೋಡೆಗೆ ಅದು ಗೊತ್ತಾಗುವುದಿಲ್ಲ, ಚಿತ್ರ ಮಾತ್ರ ಜಾರುತ್ತದೆ. ತೆಗೆಯುವ ಬಿಂದುವಿನ ಯುವಿ, ಹೊಸ ಎಡ್ಜ್‌ನ ಯುವಿ ಗೆರೆಯಿಂದ ಒಂದು ಟೆಕ್ಸೆಲ್, ಅಂದರೆ ಟೆಕ್ಸ್ಚರ್ ಚಿತ್ರದ ಒಂದು ಪಿಕ್ಸೆಲ್‌ಗಿಂತ ದೂರ ಇದ್ದರೆ ಆ ಕುಸಿತ ಬೇಡ ಅನ್ನಿ. ಹಾಗೆ ಬೇಡ ಅಂದದ್ದೇ ಜಾಸ್ತಿಯಾಗಿ ಮೆಶ್ ಇಳಿಯದಿದ್ದರೆ, ಕಡಿಮೆ ಮೆಶ್‌ಗೆ ಹೊಸದಾಗಿ ಯುವಿ ಬಿಚ್ಚಿ, ಹಳೆಯದರ ಟೆಕ್ಸ್ಚರನ್ನು ಅದಕ್ಕೆ ವರ್ಗಾಯಿಸಿ, ಅಂದರೆ ಬೇಕ್ ಮಾಡಿ.