ನಿನ್ನೆವರೆಗೂ ಜೊತೆಗಾರ, ಇವತ್ತು ಸೂಪರ್ವೈಸರ್: ಓಟಿ ಹಂಚೋದು ಹೇಗೆ?

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆ ಫ್ಯಾಕ್ಟರಿಗಳಲ್ಲಿ ಲೈನ್‌ನಲ್ಲಿದ್ದೋರನ್ನೇ ಸೂಪರ್ವೈಸರ್ ಮಾಡೋದು ಮಾಮೂಲಿ. ನಾನೂ ಹಂಗೇ ಆದೋನು. ಮೊದಲ ತಿಂಗಳು ಸ್ನೇಹ ಜಾಸ್ತಿ ಕೆಡೋದು ಓಟಿ ವಿಷಯಕ್ಕೆ. ಓಟಿಗೆ ಡಬಲ್ ರೇಟು, ಎಲ್ರಿಗೂ ಬೇಕು, ಲಿಸ್ಟ್ ಬರೆಯೋ ಪೆನ್ನು ಈಗ ನಿಮ್ಮ ಕೈಲಿ.

ಲಿಸ್ಟ್ ಮುಟ್ಟೋಕೆ ಮುಂಚೆ, ಅದೇ ಪೋಸ್ಟಿಗೆ ಟ್ರೈ ಮಾಡಿ ಸಿಗದೇ ಇದ್ದೋರ ಹತ್ರ ಒಬ್ರೇ ಹೋಗಿ ಮಾತಾಡಿ. ಸಮಾಧಾನ ಹೇಳ್ಬೇಡಿ, ಅದು ಇನ್ನೂ ಉರಿಸುತ್ತೆ. "ಬೇಜಾರಾಗಿರುತ್ತೆ, ಗೊತ್ತು. ಮಿಷಿನ್ ಸೆಟ್ಟಿಂಗ್ ನಿನ್ನಷ್ಟು ನಂಗೆ ಬರಲ್ಲ, ಅದನ್ನ ನೀನೇ ನೋಡ್ಕೊ" ಅನ್ನಿ, ಅಂದ್ಮೇಲೆ ನಿಜವಾಗ್ಲೂ ಬಿಟ್ಕೊಡಿ.

ಆಮೇಲೆ ಸರದಿ ಚಾರ್ಟ್ ಮಾಡಿ. ನಮ್ಮ ಲೈನ್‌ನಲ್ಲಿ 9 ಜನ, ತಿಂಗಳ ಕೊನೇ ವಾರ ಡಿಸ್ಪ್ಯಾಚ್ ಜೋರು, ದಿನಕ್ಕೆ 3 ಜನ ಶಿಫ್ಟ್ ಮುಗಿದ್ಮೇಲೆ 2 ಗಂಟೆ ನಿಲ್ಬೇಕು. ಸೋಮವಾರದಿಂದ ಶನಿವಾರಕ್ಕೆ 18 ಸರದಿ, ಅಂದ್ರೆ ತಲೆಗೆ 2. ನಾನು ಮೊದಲ ಸಲ ಚಾರ್ಟ್ ಇಲ್ದೆ ಬಾಯಲ್ಲೇ ಹಂಚ್ದೆ, ಶನಿವಾರ ನೋಡಿದ್ರೆ ನನ್ನ ಹಳೇ ದೋಸ್ತಿಗೆ 4 ಬಂದಿತ್ತು, ಬೇಕಂತ ಮಾಡಿದ್ದಲ್ಲ, ಪಕ್ಕದಲ್ಲೇ ಇರ್ತಿದ್ದ, ಕೇಳ್ತಿದ್ದ, ಹಾಕ್ತಿದ್ದೆ. ಇಬ್ರಿಗೆ ಒಂದೂ ಇರ್ಲಿಲ್ಲ.

ಚಾರ್ಟನ್ನ ಹಿಂದಿನ ವಾರದ ಗುರುವಾರವೇ ಬೋರ್ಡಿಗೆ ಹಾಕಿ, ಯಾರಿಗೆ ಯಾವ ದಿನ ಅಂತ ಎಲ್ರೂ ಓದೋ ಹಂಗೆ. ರೂಲ್ಸ್ ಎರಡೇ ಸಾಕು: ಬೇಡ ಅಂದೋರು ಆ ಸರದಿ ಕಳ್ಕೋತಾರೆ, ಅದಲುಬದಲು ಮಾಡ್ಕೊಂಡ್ರೆ ಇಬ್ರೂ ಒಟ್ಟಿಗೆ ಬಂದು ಹೇಳ್ಬೇಕು. ಹುಷಾರಿಲ್ದೆ ರಜ ಹಾಕಿದ್ರೆ ಮಾತ್ರ ಸರದಿ ಮುಂದಕ್ಕೆ ಹೋಗುತ್ತೆ.

ಪರೀಕ್ಷೆ ಬರೋದು ಹತ್ತಿರದವರಿಂದ್ಲೇ. ಮುಂದಿನ ತಿಂಗಳು ಅದೇ ದೋಸ್ತ್ ಬಂದು "ಮಗಾ, ಪಾಪು ಸ್ಕೂಲ್ ಫೀಸ್ ಕಟ್ಬೇಕು, ಇವತ್ತೂ ನನ್ನೇ ಹಾಕು" ಅಂದ. ಕರುಳು ಚುರ್ ಅನ್ನುತ್ತೆ. "ಮ್ಯಾನೇಜರ್ ಒಪ್ಪಲ್ಲ ಕಣೋ" ಅಂತ ಜಾರ್ಕೊಬೇಡಿ, ಒಂದಿನ ಗೊತ್ತಾಗೇ ಆಗುತ್ತೆ. "ನಿನ್ನ ಸರದಿ ಶುಕ್ರವಾರ. ಅರ್ಜೆಂಟಿದ್ರೆ ಯಾರನ್ನಾದ್ರೂ ಕೇಳಿ ಬದಲಾಯಿಸ್ಕೊ, ಫೀಸಿಗೆ ಕಮ್ಮಿ ಬಿದ್ರೆ ಸಂಜೆ ಹೇಳು, ನನ್ನ ಜೇಬಿಂದ ಕೊಡ್ತೀನಿ" ಅಂದೆ. ನಿಮ್ಮ ದುಡ್ಡು ನಿಮ್ಮದು, ಯಾರಿಗೆ ಬೇಕಾದ್ರೂ ಕೊಡಿ, ಓಟಿ ಒಂಬತ್ತೂ ಜನರದ್ದು.

ಎಡವಟ್ಟಾಗ್ತಿದೆ ಅಂತ ತಿಳ್ಕೊಳೋದು ಹೆಂಗೆ? ಓಟಿ, ರಜ ಬೇಕಾದೋರು ನಿಮ್ಮನ್ನ ಬಿಟ್ಟು ನಿಮ್ಮ ದೋಸ್ತ್ ಹತ್ರ ಹೇಳಿಸೋಕೆ ಶುರು ಮಾಡಿದ್ರೆ ಚಾರ್ಟ್ ಮೇಲೆ ನಂಬಿಕೆ ಹೋಗಿದೆ ಅಂತ. ಆವಾಗ ಹಿಂದಿನ ಎರಡು ತಿಂಗಳ ಚಾರ್ಟ್ ತೆಗೆದು ಯಾರಿಗೆಷ್ಟು ಅಂತ ಎಣಿಸಿ, ವ್ಯತ್ಯಾಸ ಇದ್ರೆ ಎಲ್ರ ಮುಂದೆ ಒಪ್ಕೊಂಡು ಮುಂದಿನ ವಾರವೇ ಸರಿ ಮಾಡಿ. ಆದ್ರೆ ನಿಮ್ಮನ್ನ ಬಿಟ್ಟು ಹೊಸ ವಾಟ್ಸಾಪ್ ಗ್ರೂಪ್ ಮಾಡ್ಕೊಂಡ್ರೆ ಅದನ್ನ ಕೆದಕ್ಬೇಡಿ. ಸೂಪರ್ವೈಸರ್ ಬಗ್ಗೆ ಗೊಣಗೋಕೂ ಒಂದು ಜಾಗ ಬೇಕು, ನಾವೂ ಮಾಡಿದ್ವಿ.

ನನ್ನ ದೋಸ್ತ್ ಆವತ್ತು ಮುಖ ಊದಿಸ್ಕೊಂಡೇ ಹೋದ. ಬುಧವಾರ ಇನ್ನೊಬ್ಬನ್ನ ಕರ್ಕೊಂಡು ಬಂದು "ಇವನ ಸರದಿ ನಂಗೆ, ನನ್ನ ಶುಕ್ರವಾರ ಇವನಿಗೆ, ಬರ್ಕೊ" ಅಂದ. ಬರ್ಕೊಂಡೆ, ಓಟಿ ಮುಗಿದ್ಮೇಲೆ ಗೇಟ್ ಮುಂದೆ ಇಬ್ರೂ ಟೀ ಕುಡಿದ್ವಿ, ಕಾಸು ಅವನೇ ಕೊಟ್ಟ.